ಪಂಚಮಿ ಉಂಡಿಯ ಜೊತೆ ಹೋಗುವ ಪತ್ರ

ಗೋಕಾಕ, ಮೂಡಲಗಿ, ಹುಕ್ಕೇರಿ ಕಡೆಯ ಮನೆಗಳಲ್ಲಿ ಪಂಚಮಿಗೆ ಉಂಡಿ ಕಟ್ಟುವಾಗ ಗಡಿಯಲ್ಲಿರುವ ಮಗನ ನೆನಪು ಬರದೇ ಇರುವುದಿಲ್ಲ. ನೆನಪೇನೋ ಬರುತ್ತದೆ, ಪತ್ರ ಮಾತ್ರ ಹಬ್ಬ ಮುಗಿದ ಮೇಲೆ ಹೊರಡುತ್ತದೆ. ಹಾಗಾಗಬಾರದು ಅಂತ ಈ ಕಿವಿಮಾತು.

• ಮಣ್ಣೆತ್ತಿನ ಅಮಾವಾಸ್ಯೆಯ ಪೂಜೆ ಮುಗಿದ ವಾರದಲ್ಲೇ ಪತ್ರಕ್ಕೆ ಕೂಡಿ. ಅಲ್ಲಿಂದ ಪಂಚಮಿಗೆ ಒಂದು ತಿಂಗಳ ಮೇಲೆ ಐದು ದಿನ ಸಿಗುತ್ತದೆ. ಹಿಮದ ಠಾಣೆಗಳಿಗೆ ಹವಾ ಕೆಟ್ಟರೆ ಹೆಲಿಕಾಪ್ಟರ್ ಏರುವುದಿಲ್ಲ, ಟಪಾಲೂ ಕೆಳಗೇ ಉಳಿಯುತ್ತದೆ.

• ವಿಳಾಸವನ್ನು ಅವನು ಕೊಟ್ಟ ಹಾಗೆಯೇ ಬರೆಯಿರಿ: ಸೈನ್ಯದ ನಂಬರು, ಹುದ್ದೆ, ಹೆಸರು, ಯುನಿಟ್, ಆಮೇಲೆ 56 ಎಪಿಒ ಅಥವಾ 99 ಎಪಿಒ, ಕೊನೆಗೆ 9ರಿಂದ ಶುರುವಾಗುವ ಆರಂಕಿಯ ಪಿನ್. ಪ್ರೀತಿ ಹೆಚ್ಚಾಗಿ ನಡುವೆ ಊರಿನ ಹೆಸರು ಸೇರಿಸಬೇಡಿ. ಅವನಿರುವ ಜಾಗ ಲಕೋಟೆಯ ಮೇಲೆ ಕಾಣಬಾರದು ಅಂತಲೇ ಈ ವ್ಯವಸ್ಥೆ ಇದೆ. ಇನ್ನು ನಿಮ್ಮ ವಿಳಾಸ: ಮೂಡಲಗಿ ಈಗ ಬೇರೆ ತಾಲೂಕು, ಹಳೆಯ ರೂಢಿಗೆ 'ತಾ: ಗೋಕಾಕ' ಅಂತ ಗೀಚಿ ಬಿಡಬೇಡಿ.

• ಮೊದಲ ಸಾಲಿನಲ್ಲೇ 'ಎಲ್ಲಾರೂ ಆರಾಮ ಇದ್ದೀವಿ' ಅಂತ ಬರೆಯಿರಿ, ಬೇರೆಲ್ಲ ಆಮೇಲೆ. ನಮ್ಮ ಕಡೆ ಪಂಚಮಿಯೂ ಹೊಳೆಯೂ ಒಟ್ಟಿಗೇ ಬರುತ್ತವೆ. 2019ರಲ್ಲಿ ಆಗಸ್ಟ್ 5ಕ್ಕೆ ಪಂಚಮಿ, ಅದೇ ವಾರ ಘಟಪ್ರಭೆ ಉಕ್ಕಿ ಗೋಕಾಕದೊಳಗೆ ನೀರು ಹೊಕ್ಕಿತು. 2024ರ ಜುಲೈನಲ್ಲೂ ಲೋಳಸೂರ ಸೇತುವೆ ಮುಳುಗಿತು. ಟೀವಿಯಲ್ಲಿ ಆ ನೀರು ನೋಡಿದ ಹುಡುಗ ನಿಮ್ಮ ಪತ್ರದಲ್ಲಿ ಮೊದಲು ಹುಡುಕುವುದು ಜೀವಗಳನ್ನೇ. ಹೀಗೆ ಬರೆದರೆ ಸಾಕು: 'ತಮ್ಮಾ, ಎಲ್ಲಾರೂ ಆರಾಮ ಇದ್ದೀವಿ. ನೀರು ಅಂಗಳದ ತನಕ ಬಂದಿತ್ತು, ಈಗ ಇಳದೈತಿ. ಎಮ್ಮಿ ಎರಡೂ ಮ್ಯಾಲಿನ ಮನ್ಯಾಗ ಅದಾವು. ಕಬ್ಬು ಹ್ವಾದದ್ದು ಖರೆ, ಪಂಚನಾಮೆ ಮಾಡ್ಕೊಂಡು ಹೋಗ್ಯಾರ. ಅಪ್ಪಾಗ ಕಾಲಿನ ನೋವು ಕಡಿಮಿ ಆಗೈತಿ.' ಕಬ್ಬು ಹೋದದ್ದನ್ನು ಮುಚ್ಚಲಿಲ್ಲ, ಅದಕ್ಕೇನು ಮಾಡಿದಿರಿ ಅನ್ನುವುದನ್ನೂ ಹೇಳಿದಿರಿ. ಒಂದನ್ನು ಮುಚ್ಚಿಟ್ಟು, ಅದು ಗೆಳೆಯರ ಬಾಯಿಂದ ಅವನಿಗೆ ತಿಳಿದರೆ ಮುಂದಿನ ಪತ್ರವನ್ನು ಅವನು ನಂಬುವುದಿಲ್ಲ.

• ಹೆಮ್ಮೆಯನ್ನು ಘೋಷಣೆಯಲ್ಲಿ ಹೇಳಬೇಡಿ, ಕಂಡದ್ದರಲ್ಲಿ ಹೇಳಿ. ಆ 2019ರ ನೀರಿನಲ್ಲಿ ನಮ್ಮ ಜಿಲ್ಲೆಯ ಮಂದಿಯನ್ನು ಹೊರಗೆ ತರಲು ಸೈನಿಕರೂ ಬಂದಿದ್ದರು. 'ಹಸರು ಬಟ್ಟಿಯವರನ್ನ ಕಂಡಾಗ ನಿನ್ನನ್ನ ಕಂಡಂಗಾತು' ಅಂತ ಬರೆದರೆ ಆ ಒಂದು ಸಾಲನ್ನು ಅವನು ಸಂಗಾತಿಗಳಿಗೂ ಓದಿ ಹೇಳುತ್ತಾನೆ.

• 'ಎಲ್ಲಾರ ಮಕ್ಕಳೂ ಬಂದಾರ, ನೀ ಯಾವಾಗ ಬರ್ತಿ?' ಅಂತ ಬರೆಯಬೇಡಿ. ರಜೆ ಅವನ ಕೈಯಲ್ಲಿಲ್ಲ. ತಂಗಿ ಜೋಕಾಲಿ ಎಲ್ಲಿ ಕಟ್ಟಿದಳು, ಆ ಟೊಂಗೆ ಅವನು ಹತ್ತುತ್ತಿದ್ದ ಗಿಡದ್ದೇ ಹೌದೋ ಅಲ್ಲವೋ, ಅದನ್ನು ಬರೆಯಿರಿ. ಓದುವಾಗ ಮನೆ ಕಣ್ಣಿಗೆ ಬರುತ್ತದೆ.

• ಹೊಲದ ಬದುವಿನ ಜಗಳವನ್ನು ಹಬ್ಬದ ಪತ್ರದಲ್ಲಿ ಹಾಕಬೇಡಿ. ಬಂದೂಕು ಹಿಡಿದು ಕಾವಲು ನಿಂತವನಿಗೆ ರಾತ್ರಿಯೆಲ್ಲ ಅದೇ ಕೊರೆಯುತ್ತದೆ. ತೊಂದರೆ ನಿಜವಾಗಿ ದೊಡ್ಡದಿದ್ದರೆ ಬೆಳಗಾವಿಯ ಸೈನಿಕ ಕಲ್ಯಾಣ ಕಚೇರಿಗೆ ಅರ್ಜಿ ಕೊಟ್ಟು, ಕೊಟ್ಟ ಮೇಲೆ ಅವನಿಗೆ ತಿಳಿಸಿ.

• ಪಾರ್ಸೆಲ್‌ಗೆ ಹೂರಣದ ಹೋಳಿಗೆ ಬೇಡ, ದಾರಿಯಲ್ಲೇ ಹಳಸುತ್ತದೆ. ಶೇಂಗಾ ಹೋಳಿಗೆ, ಎಳ್ಳುಂಡಿ, ಗೋಕಾಕದ ಕರದಂಟು ತಡೆಯುತ್ತವೆ. ಉಂಡಿ ಪೂರ್ತಿ ಆರಿದ ಮೇಲೆ ಡಬ್ಬಿಗೆ ತುಂಬಿ, ಬಿಸಿಯಿದ್ದರೆ ಒಳಗೆ ಬೆವರಿ ಬೂಸು ಹಿಡಿಯುತ್ತದೆ. ಡಬ್ಬಿಯಲ್ಲಿ ಸಂದು ಉಳಿದರೆ ಹಳೆಯ ಮೆತ್ತನೆಯ ಬಟ್ಟೆ ತುರುಕಿ, ಅಲುಗಿದರೆ ಪುಡಿಯಾಗುತ್ತದೆ. ಹೊಸ ಡಬ್ಬಿಗೆ ದುಡ್ಡು ಹಾಕಬೇಡಿ, ಅದು ತಿರುಗಿ ಬರುವುದಿಲ್ಲ. ಪತ್ರವನ್ನು ಉಂಡಿಯ ಜೊತೆ ಇಡದೆ ಬೇರೆ ಲಕೋಟೆಯಲ್ಲಿ ಕಳಿಸಿ, ಎಣ್ಣೆ ಹತ್ತಿದರೆ ಅಕ್ಷರ ಅಳಿಸುತ್ತವೆ.

• ಮಗ ನೌಕಾಪಡೆಯಲ್ಲಿದ್ದರೆ ಮೊಬೈಲ್ ಸಂದೇಶವನ್ನೇ ನಂಬಿ ಕೂಡಬೇಡಿ. ಹಡಗಿನಲ್ಲಿ ಸ್ಮಾರ್ಟ್‌ಫೋನ್ ಬಳಸಬಾರದೆಂದು 2019ರ ಡಿಸೆಂಬರ್‌ನಲ್ಲಿ ನೌಕಾಪಡೆ ಆದೇಶ ಹೊರಡಿಸಿತ್ತು. ಕಾಗದವಾದರೆ ಅವನ ಪೆಟ್ಟಿಗೆಯಲ್ಲಿ ಉಳಿಯುತ್ತದೆ, ಬೇಕೆನಿಸಿದಾಗ ತೆಗೆದು ಓದಬಹುದು.

• ಯಾವ ಪಡೆಯವನೇ ಇರಲಿ, ಅವನು ಎಲ್ಲಿದ್ದಾನೆ, ಯಾವಾಗ ಎಲ್ಲಿಗೆ ಹೊರಟಿದ್ದಾನೆ ಎಂದು ಊರಿನ ವಾಟ್ಸಾಪ್ ಗುಂಪಿನಲ್ಲಿ ಹಾಕಬೇಡಿ. ಪತ್ರವನ್ನು ಕೈಯಿಂದ ಬರೆದು, ಕೆಳಗೆ ಮನೆಯ ಎಲ್ಲರ ಸಹಿ ಹಾಕಿಸಿ, ಬರೆಯಲು ಬಾರದ ಅಜ್ಜಿಯ ಹೆಬ್ಬೆಟ್ಟನ್ನೂ ಒತ್ತಿಸಿ, ಈ ಸಲ ಆಷಾಢ ಮುಗಿಯುವ ಮೊದಲೇ ಟಪಾಲಿಗೆ ಹಾಕಿಬಿಡಿ.