ಕಾಕಂಬಿ ತೊಟ್ಟಿಗೆ ಇಳಿ ಎಂದರೆ ಏನು ಹೇಳಬೇಕು?

ಉತ್ಪಾದಕ ಬಂಧುಗಳೇ, ನಿಮ್ಮ ಮನೆಯ ಮಕ್ಕಳು ಪಶು ಆಹಾರ ಘಟಕದಲ್ಲಿ ಕೆಲಸಕ್ಕಿದ್ದರೆ ಇದನ್ನು ಅವರಿಗೆ ಓದಿ ಹೇಳಿರಿ.

ಪಶು ಆಹಾರಕ್ಕೆ ಬೆರೆಸುವ ಕಾಕಂಬಿಗೆ ನೀರು ಸೇರಿದರೆ ಅದು ಹುಳಿತು ಇಂಗಾಲದ ಡೈ ಆಕ್ಸೈಡ್ ಹುಟ್ಟುತ್ತದೆ. ಈ ಅನಿಲ ಗಾಳಿಗಿಂತ ಭಾರ. ಖಾಲಿಯಾಗಿ ಕಾಣುವ ತೊಟ್ಟಿಯ ತಳದಲ್ಲಿ ಕಣ್ಣಿಗೆ ಬೀಳದೆ ನಿಂತಿರುತ್ತದೆ. ಇಳಿದವನು ಕೂಗುವ ಮೊದಲೇ ಕುಸಿಯಬಹುದು.

ಒಂದು ಉದಾಹರಣೆ ನೋಡೋಣ. ಸಂಜೆಯೊಳಗೆ 40 ಟನ್ ಆಹಾರ ಹೊರಡಬೇಕು, ತಳದ ಕೊಳವೆ ಕಟ್ಟಿಕೊಂಡಿದೆ. ಮೇಲ್ವಿಚಾರಕರು "ಮೀಟರ್ ತರೋಷ್ಟರಲ್ಲಿ ಹೊತ್ತಾಗುತ್ತೆ, ಐದೇ ನಿಮಿಷ, ಇಳಿ" ಎನ್ನುತ್ತಾರೆ. ಜಗಳ ಬೇಡ, ಇಳಿಯುವುದೂ ಬೇಡ. ಹೀಗೆನ್ನಿ: "ಸಾರ್, ಕೆಲಸ ಮಾಡಲ್ಲ ಅಂತಿಲ್ಲ. ಗಾಳಿ ಅಳೆಯದೆ ಇಳಿಯಲ್ಲ. ಫ್ಯಾನು ಹಾಕಿಸಿ, ಅಳೆಸಿ, ಪರವಾನಗಿ ಚೀಟಿ ಬರೆದುಕೊಡಿ. ಹಗ್ಗ ಕಟ್ಟಿಕೊಂಡು ಇಳೀತೀನಿ, ಮೇಲೊಬ್ಬರು ನಿಂತಿರಲಿ."

ಆಮ್ಲಜನಕ ಒಂದನ್ನೇ ಅಳೆದರೆ ಸಾಲದು. ಇಂಗಾಲದ ಡೈ ಆಕ್ಸೈಡ್ ಶೇ. 5 ಸೇರಿ ಅಪಾಯವಾಗಿದ್ದರೂ ಆಮ್ಲಜನಕ ಶೇ. 20ರ ಹತ್ತಿರವೇ ತೋರುತ್ತದೆ. ಎರಡನ್ನೂ ಮೇಲೆ, ನಡುವೆ, ತಳದಲ್ಲಿ ಅಳೆಯಬೇಕು. ದೀಪ ಇಳಿಬಿಟ್ಟು ನೋಡುವುದನ್ನು ನಂಬಬೇಡಿ.

"ನೀನಲ್ಲದಿದ್ದರೆ ಇನ್ನೊಬ್ಬ" ಎಂದರೆ, ಆ ಇನ್ನೊಬ್ಬನಿಗೂ ವಿಷಯ ತಿಳಿಸಿ ಇಬ್ಬರೂ ಒಟ್ಟಿಗೆ ನಿಲ್ಲಿ. ಕೂಡಲೇ ಘಟಕದ ವ್ಯವಸ್ಥಾಪಕರಿಗೆ ಹೇಳಿ, ಪಾಳಿ ಪುಸ್ತಕದಲ್ಲಿ ವೇಳೆ ಸಹಿತ ಬರೆಯಿರಿ.

ಯಾರಾದರೂ ಒಳಗೆ ಬಿದ್ದರೆ ಹಿಂದೆಯೇ ಧುಮುಕಬೇಡಿ. ಹಗ್ಗದಿಂದ ಮೇಲೆಳೆಯಿರಿ, ಅಗ್ನಿಶಾಮಕದವರನ್ನು ಕರೆಸಿ. ಎತ್ತಲು ಇಳಿದವರೇ ಎಷ್ಟೋ ಸಲ ಮೇಲೆ ಬಂದಿಲ್ಲ.