ಬೆಲ್ಲ ಹಾಕಿದ್ದು, ಸಕ್ಕರೆ ಅಲ್ಲವಲ್ಲ?

"ಸಕ್ಕರೆ ಒಂದು ಕಾಳೂ ಹಾಕಿಲ್ಲ ಡಾಕ್ಟ್ರೇ. ಮನೆಯಲ್ಲೇ ಹಿಂಡಿದ ಮೋಸಂಬಿ ರಸ, ಅದಕ್ಕೊಂದು ಚಮಚ ಜೇನುತುಪ್ಪ, ಅಷ್ಟೇ. ಆದರೂ ಯಾಕೆ ಇಷ್ಟು ಏರಿತು?" ಎನ್ನುತ್ತ ಆ ತಾಯಿ ಶುಗರ್ ಬರೆದಿಡುವ ಪುಸ್ತಕವನ್ನು ನನ್ನ ಮುಂದಿಟ್ಟರು. ಮಗಳಿಗೆ ಒಂಬತ್ತು ವರ್ಷ, ತೂಕ 26 ಕೆ.ಜಿ. ಟೈಪ್ 1 ಮಧುಮೇಹ ಗೊತ್ತಾಗಿ ಎಂಟು ತಿಂಗಳು. ಭಾನುವಾರ ಸಂಜೆ ಐದಕ್ಕೆ ರೀಡಿಂಗ್ 112. ರಸ ಕುಡಿದು ಒಂದು ಗಂಟೆಗೆ 271. ಆ 271ಕ್ಕೆ ಕೆಂಪು ಪೆನ್ನಿನಲ್ಲಿ ಎರಡು ಸುತ್ತು ಹಾಕಿದ್ದರು.

ಎಷ್ಟು ಹಣ್ಣು ಹಿಂಡಿದಿರಿ ಎಂದು ಕೇಳಿದೆ. ಮೂರು. ಇನ್ಸುಲಿನ್? ಒಂದು ಹಣ್ಣಿಗೆ ಕೊಡುವಷ್ಟೇ. ಒಂದೇ ಲೋಟ ತಾನೆ ಎಂದುಕೊಂಡಿದ್ದರು. ಒಂದು ಮಧ್ಯಮ ಗಾತ್ರದ ಮೋಸಂಬಿಯಲ್ಲಿ ಸುಮಾರು 10 ಗ್ರಾಂ ಕಾರ್ಬೋಹೈಡ್ರೇಟ್ ಇರುತ್ತದೆ. ಮೂರು ಹಣ್ಣಿಗೆ 30. ಒಂದು ಟೀ ಚಮಚ ಜೇನಿನಿಂದ ಇನ್ನೂ 6. ಒಟ್ಟು 36 ಗ್ರಾಂ ಒಳಗೆ ಹೋಗಿದೆ, ಇನ್ಸುಲಿನ್ ಇದ್ದದ್ದು 10 ಗ್ರಾಂಗೆ. ಮಗು ಕದ್ದು ಏನೂ ತಿಂದಿರಲಿಲ್ಲ. ಆ ಅನುಮಾನ ಮನೆಯಲ್ಲಿ ಅಷ್ಟುಹೊತ್ತಿಗಾಗಲೇ ಎದ್ದಿತ್ತು, ಹುಡುಗಿ ಅತ್ತೂ ಇದ್ದಳು ಅನ್ನುವುದು ನನಗೆ ಬೇಸರದ ಸಂಗತಿ.

ಮೂರು ಮೋಸಂಬಿಯನ್ನು ಬಿಡಿಸಿ ತಟ್ಟೆಯಲ್ಲಿಟ್ಟರೆ ಒಂಬತ್ತು ವರ್ಷದ ಮಗು ಒಂದೂವರೆ ತಿನ್ನುವಷ್ಟರಲ್ಲಿ ಎದ್ದು ಆಟಕ್ಕೆ ಓಡುತ್ತದೆ. ಲೋಟದಲ್ಲಿ ಕೊಟ್ಟರೆ ಎರಡು ನಿಮಿಷಕ್ಕೆ ಖಾಲಿ. ಪ್ರಮಾಣ ಒಂದೇ ಇದ್ದರೂ ವ್ಯತ್ಯಾಸವಿದೆ. ಹಣ್ಣಿನ ಸಕ್ಕರೆ ತೊಳೆಯೊಳಗಿನ ಪುಟ್ಟ ಪುಟ್ಟ ಚೀಲಗಳಲ್ಲಿ ನಾರಿನ ಗೋಡೆಯೊಳಗೆ ಕೂತಿರುತ್ತದೆ. ಹಲ್ಲು ಅದನ್ನು ಅಗಿದು ಒಡೆಯಬೇಕು, ಹೊಟ್ಟೆ ಅದನ್ನು ಸ್ವಲ್ಪಸ್ವಲ್ಪವಾಗಿ ಕರುಳಿಗೆ ಬಿಡಬೇಕು. ರಸದಲ್ಲಿ ಆ ಕೆಲಸವೆಲ್ಲ ಹಿಂಡುವಾಗಲೇ ಮುಗಿದಿರುತ್ತದೆ. ನೀರಿನಂಥ ಪದಾರ್ಥ ಹೊಟ್ಟೆಯಲ್ಲಿ ಹೆಚ್ಚು ಹೊತ್ತು ನಿಲ್ಲುವುದೂ ಇಲ್ಲ.

ಇಂಗ್ಲೆಂಡಿನ ಬ್ರಿಸ್ಟಲ್‌ನ ವೈದ್ಯರು 1977ರಲ್ಲಿ ಪ್ರಕಟಿಸಿದ ಒಂದು ಪ್ರಯೋಗವನ್ನು ನಾನು ಪೋಷಕರಿಗೆ ಆಗಾಗ ಹೇಳುತ್ತೇನೆ. ಆರೋಗ್ಯವಂತರಾದ ಹತ್ತು ಜನರಿಗೆ ಸೇಬನ್ನು ಮೂರು ರೂಪದಲ್ಲಿ ಕೊಟ್ಟರು: ಇಡಿಯಾಗಿ, ಅರೆದು, ರಸವಾಗಿ. ಮೂರರಲ್ಲೂ ಕಾರ್ಬೋಹೈಡ್ರೇಟ್ 60 ಗ್ರಾಂ. ಇಡೀ ಸೇಬು ತಿನ್ನಲು 17 ನಿಮಿಷ ಬೇಕಾಯಿತು, ರಸಕ್ಕೆ ಒಂದೂವರೆ ನಿಮಿಷ. ಸೋಜಿಗವೆಂದರೆ ರಕ್ತದ ಸಕ್ಕರೆ ಮೂರರಲ್ಲೂ ಹೆಚ್ಚುಕಡಿಮೆ ಒಂದೇ ಮಟ್ಟಕ್ಕೆ ಏರಿತು. ಹಾಗಾದರೆ ರಸವೂ ಹಣ್ಣೂ ಒಂದೇ ಎಂದುಕೊಳ್ಳಬೇಡಿ. ರಸ ಕುಡಿದಾಗ ಅವರ ಮೈ ಇನ್ಸುಲಿನ್ನನ್ನು ಹೆಚ್ಚು ಸುರಿಸಿ ಏರಿಕೆಯನ್ನು ಹಿಡಿದಿಟ್ಟಿತ್ತು, ಆಮೇಲೆ ಸಕ್ಕರೆ ಬೇಕಾದ್ದಕ್ಕಿಂತ ಕೆಳಗೂ ಇಳಿಯಿತು. ಟೈಪ್ 1 ಇರುವ ಮಗುವಿನಲ್ಲಿ ಹೀಗೆ ತಾನಾಗಿ ಬಂದು ಹಿಡಿದುಕೊಳ್ಳುವವರು ಯಾರೂ ಇಲ್ಲ. ಚುಚ್ಚಿದ ಇನ್ಸುಲಿನ್ ಕೆಲಸ ಶುರುಮಾಡಲು, ಬೇಗ ಕೆಲಸ ಮಾಡುವ ಬಗೆಯದೇ ಆದರೂ, ಹತ್ತು ಹದಿನೈದು ನಿಮಿಷ ಬೇಕು. ಅದರ ಜೋರು ಬರುವುದು ಒಂದು ಗಂಟೆಯ ಸುಮಾರಿಗೆ. ರಸ ಅಷ್ಟರಲ್ಲಿ ರಕ್ತ ಸೇರಿರುತ್ತದೆ. ಆದ್ದರಿಂದ ಅಣ್ಣನಿಗೂ ತಂಗಿಗೂ ಒಂದೇ ಜಗ್ಗಿನಿಂದ ರಸ ಬಗ್ಗಿಸಿ ಕೊಟ್ಟಾಗ ತಂಗಿಯ ಮೀಟರ್ ಮಾತ್ರ ಬೇರೆ ಕಥೆ ಹೇಳುತ್ತದೆ.

ಮುಂದಿನ ಶನಿವಾರ ಆ ತಾಯಿ ಅದೇ ಹೊತ್ತಿಗೆ, ಅದೇ ಇನ್ಸುಲಿನ್ ಕೊಟ್ಟು, ಒಂದು ಮೋಸಂಬಿಯ ತೊಳೆಗಳನ್ನು ತಿನ್ನಿಸಿದರು. ಮೊದಲು 118, ಒಂದು ಗಂಟೆಗೆ 156, ಎರಡು ಗಂಟೆಗೆ 127. ಹಣ್ಣು ತಿನ್ನುವುದನ್ನೇ ನಿಲ್ಲಿಸಬೇಕಾಗಿಲ್ಲ ಎಂಬುದು ಅವರಿಗೆ ಆ ದಿನ ಮನದಟ್ಟಾಯಿತು.

ಇನ್ನು ಜೇನು. ಅದರ ತೂಕದಲ್ಲಿ ನೂರಕ್ಕೆ ಸುಮಾರು 80 ಭಾಗ ಸಕ್ಕರೆಯೇ, ಉಳಿದದ್ದು ಬಹುಪಾಲು ನೀರು. ಕೇಳಲು ಇದು ಸಕ್ಕರೆಗಿಂತ ವಾಸಿ ಎನಿಸುತ್ತದೆ. ಆದರೆ ನಾವು ಅಡುಗೆಮನೆಯಲ್ಲಿ ಅಳೆಯುವುದು ಚಮಚದಲ್ಲಿ. ಸಮತಟ್ಟಾಗಿ ಸವರಿದ ಒಂದು ಟೀ ಚಮಚ ಸಕ್ಕರೆ ಸುಮಾರು 4 ಗ್ರಾಂ ತೂಗುತ್ತದೆ. ಜೇನು ದಪ್ಪ, ಭಾರ. ಅದೇ ಚಮಚದಲ್ಲಿ 7 ಗ್ರಾಂ ಕೂರುತ್ತದೆ, ಅದರಲ್ಲಿ ಸಕ್ಕರೆ ಸುಮಾರು 6 ಗ್ರಾಂ. ಅಂದರೆ ಚಮಚಕ್ಕೆ ಚಮಚ ಹೋಲಿಸಿದರೆ ಜೇನಿನಲ್ಲೇ ಹೆಚ್ಚು.

ಬೆಲ್ಲದ ಲೆಕ್ಕ ಇನ್ನೂ ಸರಳ. 10 ಗ್ರಾಂ ಸಕ್ಕರೆಯಲ್ಲಿ 10 ಗ್ರಾಂ ಸಕ್ಕರೆ, 10 ಗ್ರಾಂ ಬೆಲ್ಲದಲ್ಲಿ ಸುಮಾರು 9. ಎರಡೂ ಬಂದದ್ದು ಅದೇ ಕಬ್ಬಿನ ಹಾಲಿನಿಂದ. ಬೆಲ್ಲದಲ್ಲಿ ಒಂದಿಷ್ಟು ಕಬ್ಬಿಣ, ಖನಿಜಗಳು ಉಳಿದಿರುತ್ತವೆ, ನಿಜ. ಅವು ಮೀಟರಿನ ಅಂಕಿಯನ್ನು ಇಳಿಸುವುದಿಲ್ಲ. ಅಜ್ಜಿ "ಬೆಲ್ಲ ಏನೂ ಮಾಡಲ್ಲ ಬಿಡು" ಎಂದು ಪ್ರೀತಿಯಿಂದ ಕೊಟ್ಟ ಅಚ್ಚಿನ ತುಂಡನ್ನು ನೀವು ಸಕ್ಕರೆ ಎಂದೇ ಬರೆದುಕೊಳ್ಳಿ.

ಬೆಲ್ಲದಲ್ಲಿ ಮುಖ್ಯವಾಗುವುದು ಅದು ಯಾವುದರ ಜೊತೆ ಹೋಗುತ್ತದೆ ಎಂಬುದು. ರಾಮನವಮಿಯ ಪಾನಕ ಹಣ್ಣಿನ ರಸದ ಹಾಗೇ ನಡೆದುಕೊಳ್ಳುತ್ತದೆ: ಬೇಗ ಏರಿಕೆ. ಹೋಳಿಗೆ ಹಾಗಲ್ಲ. ಅದರಲ್ಲಿ ಬೇಳೆಯಿದೆ, ಮೈದಾ ಇದೆ, ಮೇಲೆ ತುಪ್ಪ. ಜಿಡ್ಡು ಹೊಟ್ಟೆಯನ್ನು ನಿಧಾನ ಮಾಡುತ್ತದೆ. ಹಬ್ಬದ ಮಧ್ಯಾಹ್ನ ಊಟವಾಗಿ ಎರಡು ಗಂಟೆಗೆ 150 ನೋಡಿ ನಿರಾಳರಾದ ಅಪ್ಪ ಅಮ್ಮ, ಸಂಜೆ ಐದಕ್ಕೆ 290 ಕಂಡು ಗಾಬರಿಯಾಗುವುದು ಇದರಿಂದಲೇ. ಹೋಳಿಗೆ, ಎಳ್ಳುಬೆಲ್ಲ ತಿಂದ ದಿನ ನಾಲ್ಕು ಗಂಟೆಯ ನಂತರವೂ ಒಮ್ಮೆ ನೋಡಿ. ಆ ಅಂಕಿಗಳನ್ನು ಬರೆದು ತಂದರೆ, ಮುಂದಿನ ಹಬ್ಬಕ್ಕೆ ಇನ್ಸುಲಿನ್ ಹೇಗೆ ಹೊಂದಿಸುವುದೆಂದು ನಿಮ್ಮ ವೈದ್ಯರು ಹೇಳಬಲ್ಲರು. ಡೋಸನ್ನು ನೀವಾಗಿಯೇ ಊಹಿಸಿ ಏರಿಸಬೇಡಿ.

ರೀಡಿಂಗ್ ಅನಿರೀಕ್ಷಿತವಾಗಿ ಹೆಚ್ಚು ಬಂದರೆ ಇನ್ಸುಲಿನ್ ಕೊಡುವ ಮೊದಲು ಮಗುವಿನ ಕೈ ನೋಡಿ. ಮೋಸಂಬಿ ಬಿಡಿಸಿದ ಬೆರಳಿನ ಮೇಲೆ, ಬೆಲ್ಲ ಮುರಿದ ಬೆರಳಿನ ಮೇಲೆ ಕಣ್ಣಿಗೆ ಕಾಣದ ಸಕ್ಕರೆ ಅಂಟಿರುತ್ತದೆ. ಮೀಟರಿಗೆ ಬೇಕಾದ ರಕ್ತ ಒಂದು ಚುಕ್ಕೆ. ಅದರಲ್ಲಿ ಅಷ್ಟು ಬೆರೆತರೂ ಅಂಕಿ ಸುಳ್ಳುಸುಳ್ಳೇ ಏರುತ್ತದೆ. 2011ರಲ್ಲಿ ಜಪಾನಿನ ವೈದ್ಯರು ಇದನ್ನು ಪರೀಕ್ಷಿಸಿದರು. ಹಣ್ಣು ಸುಲಿದ ಬೆರಳನ್ನು ಸ್ಪಿರಿಟ್ ಹತ್ತಿಯಿಂದ ಹಲವು ಸಲ ಒರೆಸಿದರೂ ರೀಡಿಂಗ್ ಸರಿಹೋಗಲಿಲ್ಲ, ನಲ್ಲಿ ನೀರಿನಲ್ಲಿ ತೊಳೆದಾಗ ಸರಿಹೋಯಿತು. ತೊಳೆದು, ಒಣಗಿಸಿ, ಮತ್ತೆ ಚುಚ್ಚಿ. ಇಲ್ಲದ ಸಕ್ಕರೆಗೆ ಕೊಟ್ಟ ಇನ್ಸುಲಿನ್ ಮಗುವನ್ನು ಲೋ ಮಾಡುತ್ತದೆ.

ಲೋ ಆದಾಗ, ಎಂದರೆ 70ಕ್ಕಿಂತ ಕೆಳಗೆ ಇಳಿದಾಗ, ಮೇಲೆ ಹೇಳಿದ್ದೆಲ್ಲ ತಲೆಕೆಳಗಾಗುತ್ತದೆ. ಈಗ ಬೇಕಾದದ್ದು ವೇಗವೇ. ಇಡೀ ಹಣ್ಣು ತಡ, ಚಿಕ್ಕಿ ಮತ್ತು ಚಾಕೊಲೇಟ್ ಜಿಡ್ಡಿನಿಂದಾಗಿ ಇನ್ನೂ ತಡ. 26 ಕೆ.ಜಿ.ಯ ಮಗುವಿಗೆ ಸುಮಾರು 8 ಗ್ರಾಂ ಗ್ಲೂಕೋಸ್ ಪುಡಿಯನ್ನು ನೀರಿಗೆ ಹಾಕಿ ಕೊಡಿ. ಅದಿಲ್ಲದಿದ್ದರೆ 100 ಮಿ.ಲೀ. ಹಣ್ಣಿನ ರಸ, ಅಥವಾ ಎರಡು ಟೀ ಚಮಚ ಜೇನು. ಹದಿನೈದು ನಿಮಿಷ ಬಿಟ್ಟು ಮತ್ತೆ ನೋಡಿ. ಇನ್ನೂ 70 ದಾಟಿರದಿದ್ದರೆ ಅಷ್ಟೇ ಮತ್ತೊಮ್ಮೆ. ಒಂದು ವರ್ಷ ತುಂಬದ ಕೂಸಿಗೆ ಜೇನು ಯಾವ ಕಾರಣಕ್ಕೂ ಬೇಡ. ಮಗು ಎಚ್ಚರ ತಪ್ಪಿದ್ದರೆ ಬಾಯಿಗೆ ರಸವನ್ನೂ ಜೇನನ್ನೂ ಹಾಕಬೇಡಿ, ಅದು ಶ್ವಾಸನಾಳಕ್ಕೆ ಇಳಿಯಬಹುದು. ಪಕ್ಕಕ್ಕೆ ಮಲಗಿಸಿ, ಮನೆಯಲ್ಲಿ ಗ್ಲುಕಗಾನ್ ಇದ್ದರೆ ವೈದ್ಯರು ಕಲಿಸಿಕೊಟ್ಟಂತೆ ಕೊಟ್ಟು, ಆಸ್ಪತ್ರೆಗೆ ಹೊರಡಿ.