ಪ್ರತಿ ಸಲವೂ ನೀವೇ ಏಕೆ?

ಗೆಳೆಯರೆಲ್ಲ ಚಿಕ್ಕಮಗಳೂರಿಗೆ ಹೊರಟರೆ ಹೋಂಸ್ಟೇ ಹುಡುಕುವುದು, ಟೆಂಪೊ ಟ್ರಾವೆಲರ್‌ಗೆ ಮುಂಗಡ ಕೊಡುವುದು, ಆಮೇಲೆ ಒಬ್ಬೊಬ್ಬರಿಂದ ಹಣ ಕೇಳಿ ಪಡೆಯುವುದು ನಿಮ್ಮ ಪಾಲಿಗೇ ಬರುತ್ತದೆಯೇ? ಊಟ ತಡವಾದರೆ ಗೊಣಗಾಟ ಕೇಳುವವರೂ ನೀವೇ. ಎಲ್ಲ ಸಲೀಸಾಗಿ ನಡೆದರೆ ಅದರ ಹಿಂದಿನ ಓಡಾಟ ಯಾರ ಕಣ್ಣಿಗೂ ಬೀಳುವುದಿಲ್ಲ. ದಣಿವು, ಬೇಸರ ಹುಟ್ಟುವುದು ಅಲ್ಲಿಯೇ.

ಪ್ರವಾಸದ ನಡುವೆ ಸಿಡುಕಬೇಡಿ. ಮುಂದಿನದರ ಮಾತು ಬಂದಾಗಲೇ ಹೇಳಿ: ‘ಪ್ರತಿ ಸಲ ಒಬ್ಬನೇ ಮಾಡಿ ಸುಸ್ತಾಗಿದೀನಿ ಕಣ್ರೋ. ಈ ಸಲ ಗಾಡಿ ನಾನು ನೋಡ್ತೀನಿ, ಉಳಿಯೋ ಜಾಗ ನೀನು ನೋಡು, ಲೆಕ್ಕ ಇವನು ಇಟ್ಕೊಳ್ಳಲಿ. ಎಲ್ಲರ ಪಾಲು ಬಂದ ಮೇಲೇ ಬುಕಿಂಗ್.’

ಹಂಚಿದ ಮೇಲೆ ಪದೇಪದೇ ನೆನಪಿಸಬೇಡಿ. ನೆನಪಿಸುವ ಹೊರೆ ನಿಮ್ಮಲ್ಲೇ ಉಳಿದರೆ ಕೆಲಸ ಹಂಚಿದಂತಾಗದು. ಗೆಳೆಯರು ಆರಿಸಿದ ಕೋಣೆ ಸುಮಾರಾಗಿದ್ದರೂ ಒಪ್ಪಿಕೊಳ್ಳಿ. ಒಮ್ಮೆ ಹೊಣೆ ಹೊತ್ತವರಿಗೆ ನಿಮ್ಮ ಶ್ರಮವೂ ಅರ್ಥವಾಗುತ್ತದೆ.